ಪಿಂಗ್ ಸರಿಯಿದೆ, ದೊಡ್ಡ ವರದಿ ಮಾತ್ರ ತೆರೆಯುವುದಿಲ್ಲ: ಎಕೋ ಬಿಟ್ಟು ಉಳಿದ ಐಸಿಎಂಪಿ ಸಂದೇಶಗಳನ್ನು ತಡೆದಿರುವುದು ಕಾರಣವೇ?

ರೇಖಾ_ಎಸ್

ಎಲ್ಲರಿಗೂ ನಮಸ್ಕಾರ. ಮುಖ್ಯ ಕಚೇರಿಯಲ್ಲಿರುವ 10.10.1.20 ಎಂಬ ಲಿನಕ್ಸ್ ಸರ್ವರ್ ಅನ್ನು ಶಾಖೆಯವರು ಜಿಆರ್‌ಇ ಟನೆಲ್ ಮೂಲಕ ಬಳಸುತ್ತಾರೆ. ಸರ್ವರ್‌ನಿಂದ ಹೊರಟ ಪ್ಯಾಕೆಟ್ ಮೊದಲು ನಮ್ಮ ಒಳ ಫೈರ್‌ವಾಲ್ ದಾಟಿ, ಆಮೇಲೆ ಟನೆಲ್ ಇರುವ 10.10.0.1 ರೂಟರ್ ತಲುಪಿ, ಅಲ್ಲಿಂದ ಶಾಖೆಗೆ ಹೋಗುತ್ತದೆ. ಶಾಖೆಯಲ್ಲಿರುವ 10.20.1.15 ಯಂತ್ರದಿಂದ ಪಿಂಗ್ ಮಾಡಿದರೆ ಒಂದೂ ತಪ್ಪದೆ ಉತ್ತರ ಬರುತ್ತದೆ. ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಚಿಕ್ಕ ಆದೇಶಗಳೂ ನಡೆಯುತ್ತವೆ. ಆದರೆ ನೂರಾರು ಕಡತಗಳಿರುವ ಫೋಲ್ಡರ್‌ನಲ್ಲಿ `ls -l` ಕೊಟ್ಟ ತಕ್ಷಣ ಪರದೆ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ. ವೆಬ್‌ನಲ್ಲಿ ಲಾಗಿನ್ ಪುಟ ತೆರೆಯುತ್ತದೆ, ತಿಂಗಳ ವರದಿ ತೆರೆಯುವುದಿಲ್ಲ. ವಿಚಿತ್ರವೆಂದರೆ ಶಾಖೆಯಿಂದ ಸರ್ವರ್‌ಗೆ ಎಷ್ಟು ದೊಡ್ಡ ಕಡತವನ್ನು ಬೇಕಾದರೂ ಏರಿಸಬಹುದು.

ಒಳ ಫೈರ್‌ವಾಲ್‌ನಲ್ಲಿ ಐಸಿಎಂಪಿಯ ಪೈಕಿ ಎಕೋ ಮತ್ತು ಅದರ ಉತ್ತರಕ್ಕೆ ಮಾತ್ರ ಅನುಮತಿ ಇದೆ. ಉಳಿದ ಸಂದೇಶಗಳನ್ನು ತಡೆದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ? ಅವುಗಳನ್ನು ಬಿಟ್ಟರೆ ಸರ್ವರ್‌ಗೆ ಹೊಸದಾಗಿ ತಿಳಿಯುವುದಾದರೂ ಏನು?

ಗಿರೀಶ_ಭದ್ರತೆ

ಎಕೋ ಬಿಟ್ಟು ಉಳಿದದ್ದನ್ನು ತಡೆದಿರುವುದು ಸರಿಯಾದ ಕ್ರಮವೇ, ಅದನ್ನು ಸಡಿಲಿಸಬೇಡಿ. ರೀಡೈರೆಕ್ಟ್ ಬಳಸಿ ಸಂಚಾರವನ್ನೇ ಬೇರೆಡೆಗೆ ತಿರುಗಿಸಬಹುದು, ಅನ್‌ರೀಚಬಲ್ ಸಂದೇಶಗಳಿಂದ ಒಳಗಿನ ಜಾಲದ ರಚನೆ ಹೊರಗಿನವರಿಗೆ ಗೊತ್ತಾಗುತ್ತದೆ. ನಿಮ್ಮದು ಟನೆಲ್‌ನ ಎಂಟಿಯು ಸಮಸ್ಯೆ. ರೂಟರ್‌ನಲ್ಲಿ ಈ ಒಂದು ಸಾಲು ಹಾಕಿದರೆ ಸಾಕು:

```
iptables -t mangle -A FORWARD -p tcp --tcp-flags SYN,RST SYN -j TCPMSS --clamp-mss-to-pmtu
```

ಅನಂತ_ಪಿ

ಪಿಂಗ್‌ಗೆ ಉತ್ತರ ಬರುತ್ತಿದೆ ಎಂದ ಮೇಲೆ ದಾರಿ ಸರಿಯಾಗಿದೆ ಎಂದೇ ಅರ್ಥ. ಸರ್ವರ್‌ನ ಡಿಸ್ಕ್ ನಿಧಾನವಾಗಿರಬಹುದು ಅಥವಾ ವರದಿ ಸಿದ್ಧಪಡಿಸುವ ಡೇಟಾಬೇಸ್ ಪ್ರಶ್ನೆ ಭಾರವಾಗಿರಬಹುದು. ಮೊದಲು ಅದನ್ನು ನೋಡಿ. ಗುರಿ ತಲುಪದಿದ್ದರೆ ತಾನೇ ಅನ್‌ರೀಚಬಲ್ ಸಂದೇಶ ಬರುವುದು? ಇಲ್ಲಿ ಗುರಿ ತಲುಪುತ್ತಿದೆಯಲ್ಲ.

ಹಳೇ_ರೂಟರ್

ಅನಂತ ಅವರೇ, ಹೆಸರನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಡೆಸ್ಟಿನೇಶನ್ ಅನ್‌ರೀಚಬಲ್ ಎನ್ನುವುದು ಒಂದೇ ಸಂದೇಶವಲ್ಲ. ಟೈಪ್ 3ರ ಕೆಳಗೆ ಹಲವು ಕೋಡ್‌ಗಳಿವೆ, ಅವು ಹೇಳುವ ಸಂಗತಿಗಳೂ ಬೇರೆಬೇರೆ. ಜಾಲಕ್ಕೆ ದಾರಿಯೇ ಗೊತ್ತಿಲ್ಲ ಎನ್ನುವುದು ಕೋಡ್ 0. ದಾರಿ ಇದೆ, ಆದರೆ ಆ ಯಂತ್ರ ಸಿಗುತ್ತಿಲ್ಲ ಎನ್ನುವುದು ಕೋಡ್ 1. ಯಂತ್ರ ಸಿಕ್ಕಿತು, ಆ ಪೋರ್ಟ್‌ನಲ್ಲಿ ಕೇಳುವವರು ಯಾರೂ ಇಲ್ಲ ಎನ್ನುವುದು ಕೋಡ್ 3. ಇವೆಲ್ಲಕ್ಕಿಂತ ಭಿನ್ನವಾದದ್ದು ಕೋಡ್ 4: ಗುರಿಯೂ ಇದೆ, ದಾರಿಯೂ ಇದೆ, ಆದರೆ ಈ ಪ್ಯಾಕೆಟ್ ಮುಂದಿನ ಕೊಂಡಿಗೆ ಹಿಡಿಸದಷ್ಟು ದೊಡ್ಡದಾಗಿದೆ, ತುಂಡು ಮಾಡೋಣವೆಂದರೆ ನೀವೇ ಡಿಎಫ್ ಬಿಟ್ ಹಾಕಿ ಮಾಡಬೇಡಿ ಎಂದಿದ್ದೀರಿ, ಆದ್ದರಿಂದ ಬಿಸಾಡಿದ್ದೇನೆ ಎಂದು ರೂಟರ್ ತಿಳಿಸುವ ಸಂದೇಶ ಅದು. ರೇಖಾ ಅವರ ಲಕ್ಷಣಗಳನ್ನು ನೋಡಿದರೆ, ಈ ಸಂದೇಶ ಹುಟ್ಟುತ್ತಿದೆ, ಆದರೆ ಸರ್ವರ್‌ವರೆಗೆ ಬರುತ್ತಿಲ್ಲ.

ಲೆಕ್ಕ ಹೀಗಿದೆ. ಎರಡೂ ತುದಿಯ ಯಂತ್ರಗಳು ಈಥರ್‌ನೆಟ್‌ನಲ್ಲಿರುವುದರಿಂದ ಎರಡಕ್ಕೂ ತಮ್ಮ ಎಂಟಿಯು 1500 ಎಂಬುದಷ್ಟೇ ಗೊತ್ತು. ಸಂಪರ್ಕ ಆರಂಭವಾಗುವಾಗ ಪರಸ್ಪರ 1460 ಎಂಎಸ್‌ಎಸ್ ಹೇಳಿಕೊಳ್ಳುತ್ತವೆ. ನಡುವಿನ ಟನೆಲ್‌ಗೆ ಹೊರಗಿನ ಐಪಿ ಹೆಡರ್ 20 ಬೈಟ್, ಜಿಆರ್‌ಇ ಹೆಡರ್ 4 ಬೈಟ್ ಬೇಕಾಗುವುದರಿಂದ ಒಳಗೆ ಹಿಡಿಯುವುದು 1476 ಬೈಟ್ ಮಾತ್ರ. ಲಾಗಿನ್ ಪುಟದಂಥ ಚಿಕ್ಕ ಉತ್ತರಗಳು ಆ ಮಿತಿಯೊಳಗೆ ದಾಟಿಹೋಗುತ್ತವೆ. ವರದಿಯ ಮೊದಲ ತುಂಬಿದ ಪ್ಯಾಕೆಟ್ 1500 ಬೈಟ್ ಇರುತ್ತದೆ, ಲಿನಕ್ಸ್‌ನ ಟಿಸಿಪಿ ಅದಕ್ಕೆ ಡಿಎಫ್ ಬಿಟ್ ಹಾಕಿಯೇ ಕಳುಹಿಸುತ್ತದೆ, ರೂಟರ್ ಅದನ್ನು ಬಿಸಾಡಿ ಕೋಡ್ 4 ಬರೆದು ಹಿಂದಕ್ಕೆ ಕಳುಹಿಸುತ್ತದೆ, ಆ ಸಂದೇಶವನ್ನು ನಿಮ್ಮ ಫೈರ್‌ವಾಲ್ ನುಂಗುತ್ತದೆ. ಸರ್ವರ್ ಅದೇ ಗಾತ್ರದ ಅದೇ ಪ್ಯಾಕೆಟ್ ಅನ್ನು ಮತ್ತೆ ಮತ್ತೆ, ಪ್ರತಿ ಸಲವೂ ಹೆಚ್ಚು ಹೊತ್ತು ಕಾದು, ಕಳುಹಿಸುತ್ತಲೇ ಇರುತ್ತದೆ. ಏರಿಸುವಾಗ ತೊಂದರೆಯಾಗದಿರುವುದಕ್ಕೆ ಕಾರಣವೂ ಇದೇ: ಶಾಖೆಯ ರೂಟರ್ ಮತ್ತು ಶಾಖೆಯ ಯಂತ್ರದ ನಡುವೆ ನುಂಗುವವರು ಯಾರೂ ಇಲ್ಲದ್ದರಿಂದ ಅಲ್ಲಿನ ಸಂದೇಶ ಸೇರಬೇಕಾದವರಿಗೆ ಸೇರುತ್ತಿದೆ.

ನಂಬುವ ಮೊದಲು ಪರೀಕ್ಷಿಸಿ. ಸರ್ವರ್‌ನಿಂದ ಈ ಎರಡನ್ನೂ ಕೊಟ್ಟು ನೋಡಿ:

```
ping -M do -s 1448 10.20.1.15
ping -M do -s 1449 10.20.1.15
```

ಇಲ್ಲಿ ಕೊಡುವ ಸಂಖ್ಯೆಗೆ ಐಸಿಎಂಪಿ ಹೆಡರ್‌ನ 8 ಮತ್ತು ಐಪಿ ಹೆಡರ್‌ನ 20 ಸೇರುತ್ತವೆ. ಆದ್ದರಿಂದ ಮೊದಲನೆಯದು ಸರಿಯಾಗಿ 1476 ಆಗುತ್ತದೆ, ಎರಡನೆಯದು ಒಂದು ಬೈಟ್ ಹೆಚ್ಚಾಗುತ್ತದೆ. ಜೊತೆಗೆ ರೂಟರ್‌ನಲ್ಲಿ, ಸರ್ವರ್ ಕಡೆಯ ಇಂಟರ್‌ಫೇಸ್ ಮೇಲೆ `tcpdump -ni eth0 'icmp[0] == 3'` ಹಾಕಿಡಿ.

ರೇಖಾ_ಎಸ್

ತುಂಬಾ ಧನ್ಯವಾದಗಳು ಸರ್. 1448ಕ್ಕೆ ಎಲ್ಲ ಉತ್ತರಗಳೂ ಬಂದವು. 1449ಕ್ಕೆ ಸಂಪೂರ್ಣ ಮೌನ, ದೋಷದ ಸಾಲೂ ಇಲ್ಲ. ಅದೇ ಹೊತ್ತಿನಲ್ಲಿ ರೂಟರ್‌ನಲ್ಲಿ ಕಂಡದ್ದು ಇದು:

```
IP 10.10.0.1 > 10.10.1.20: ICMP 10.20.1.15 unreachable - need to frag (mtu 1476), length 556
```

ಅಂದರೆ ರೂಟರ್ ಹೇಳುತ್ತಲೇ ಇದೆ, ಸರ್ವರ್‌ಗೆ ಕೇಳಿಸುತ್ತಿಲ್ಲ. ಒಂದು ಸಂದೇಹ: ಈ 556 ಏನು? ಒಂದು ದೋಷವನ್ನು ಹೇಳಲು ಅಷ್ಟು ಬೈಟ್ ಏಕೆ ಬೇಕು?

ಹಳೇ_ರೂಟರ್

ಅದು ಬಹಳ ಜನ ಗಮನಿಸದ ಭಾಗ, ನನ್ನ ಮಟ್ಟಿಗೆ ಇಡೀ ಸಂದೇಶದಲ್ಲಿ ಅದೇ ಮುಖ್ಯ. ಯಾವ ಐಸಿಎಂಪಿ ದೋಷ ಸಂದೇಶವೇ ಆಗಲಿ, ತಾನು ಯಾವ ಪ್ಯಾಕೆಟ್ ಬಗ್ಗೆ ದೂರುತ್ತಿದೆಯೋ ಆ ಪ್ಯಾಕೆಟ್‌ನ ಆರಂಭದ ಭಾಗವನ್ನು ತನ್ನೊಳಗೆ ಇಟ್ಟುಕೊಂಡೇ ಬರುತ್ತದೆ. 1981ರ ಆರ್‌ಎಫ್‌ಸಿ 792ರ ಪ್ರಕಾರ ಮೂಲ ಐಪಿ ಹೆಡರ್ ಮತ್ತು ಅದರ ನಂತರದ 8 ಬೈಟ್ ಇರಬೇಕು. ಆ ಎಂಟು ಬೈಟ್ ಸುಮ್ಮನೆ ಆರಿಸಿದ್ದಲ್ಲ: ಟಿಸಿಪಿಯಲ್ಲಿ ಎರಡು ಪೋರ್ಟ್ ಸಂಖ್ಯೆಗಳು ಮತ್ತು ಸೀಕ್ವೆನ್ಸ್ ಸಂಖ್ಯೆ ಅಷ್ಟರಲ್ಲೇ ಮುಗಿಯುತ್ತವೆ. ಹೀಗಾಗಿ ಸರ್ವರ್‌ನಲ್ಲಿ ಸಾವಿರ ಸಂಪರ್ಕಗಳಿದ್ದರೂ, ಬಂದ ದೂರು ಯಾವ ಸಂಪರ್ಕದ ಯಾವ ಪ್ಯಾಕೆಟ್‌ನದು ಎಂದು ಕರ್ನಲ್ ಹುಡುಕಿಕೊಳ್ಳಬಲ್ಲದು. ಇಡೀ ಸಂದೇಶ 576 ಬೈಟ್ ಮೀರದಂತೆ ಎಷ್ಟು ಸಾಧ್ಯವೋ ಅಷ್ಟು ಸೇರಿಸಿ ಎಂದು ನಂತರದ ನಿಯಮ ಹೇಳಿತು. 576ರಲ್ಲಿ ಐಪಿ ಹೆಡರ್ 20 ಕಳೆದರೆ ನಿಮಗೆ ಕಂಡ 556 ಸಿಗುತ್ತದೆ. ಕೆಲವು ರೂಟರ್‌ಗಳು ಇಂದಿಗೂ ಕನಿಷ್ಠ 8 ಬೈಟ್‌ಗಳನ್ನೇ ಸೇರಿಸುತ್ತವೆ, ಆಗ ಇದೇ ಸಾಲಿನಲ್ಲಿ 36 ಎಂದು ಕಾಣುತ್ತದೆ.

ಆವರಣದಲ್ಲಿರುವ 1476 ಮೊದಲಿನಿಂದ ಇದ್ದದ್ದಲ್ಲ. ಮೊದಲು ರೂಟರ್ ದೊಡ್ಡದಾಯಿತು ಎಂದಷ್ಟೇ ಹೇಳುತ್ತಿತ್ತು, ಎಷ್ಟಿದ್ದರೆ ಹಿಡಿಯುತ್ತದೆ ಎಂದು ಕಳುಹಿಸಿದವರೇ ಊಹಿಸಬೇಕಿತ್ತು. 1990ರ ಆರ್‌ಎಫ್‌ಸಿ 1191 ಬಂದಾಗ, ಹೆಡರ್‌ನಲ್ಲಿ ಬಳಕೆಯಾಗದೆ ಖಾಲಿ ಬಿದ್ದಿದ್ದ ಜಾಗದ 16 ಬಿಟ್‌ಗಳಲ್ಲಿ ಮುಂದಿನ ಕೊಂಡಿಯ ಎಂಟಿಯು ಬರೆಯುವ ಪದ್ಧತಿ ಬಂತು. ಹೀಗೆ ಈ ಒಂದು ಸಂದೇಶದಿಂದ ಸರ್ವರ್‌ಗೆ ತಿಳಿಯುವುದು ಮೂರು: ಯಾರು ಬಿಸಾಡಿದರು, ಯಾವ ಪ್ಯಾಕೆಟ್ ಬಿಸಾಡಿದರು, ಎಷ್ಟು ಗಾತ್ರವಾದರೆ ಬಿಸಾಡುವುದಿಲ್ಲ.

ಗಿರೀಶ_ಭದ್ರತೆ

ಕಾರಣವನ್ನು ಒಪ್ಪುತ್ತೇನೆ, ಪರಿಹಾರವನ್ನು ಒಪ್ಪುವುದಿಲ್ಲ. ಇಂಥ ಸಂದೇಶವನ್ನು ಯಾರು ಬೇಕಾದರೂ ಸುಳ್ಳಾಗಿ ತಯಾರಿಸಿ ಕಳುಹಿಸಬಹುದು. ಎಂಟಿಯು ತೀರಾ ಕಡಿಮೆ ಎಂದು ನಂಬಿಸಿ ಸರ್ವರ್ ಅನ್ನು ತೆವಳುವಂತೆ ಮಾಡಬಹುದು. ಪೋರ್ಟ್ ಅನ್‌ರೀಚಬಲ್ ಕಳುಹಿಸಿ ನಡೆಯುತ್ತಿರುವ ಸಂಪರ್ಕವನ್ನು ಕಡಿದುಹಾಕಬಹುದು. ಎಂಎಸ್‌ಎಸ್ ಸೀಮಿತಗೊಳಿಸಿದರೆ ಈ ಯಾವ ಅಪಾಯವೂ ಇಲ್ಲದೆ ಕೆಲಸವಾಗುತ್ತದೆ.

ಹಳೇ_ರೂಟರ್

ಗಿರೀಶ ಅವರೇ, ಎಂಎಸ್‌ಎಸ್ ಸೀಮಿತಗೊಳಿಸುವುದನ್ನು ನಾನೂ ಮಾಡುತ್ತೇನೆ, ಅದು ಕೆಲಸ ಮಾಡುತ್ತದೆ. ಇಲ್ಲಿ 1460 ಇದ್ದದ್ದು 1436 ಆಗುತ್ತದೆ. ಆದರೆ ಅದು ಟಿಸಿಪಿಯ ಆರಂಭದ ಪ್ಯಾಕೆಟ್ ಅನ್ನು ತಿದ್ದುವ ಉಪಾಯ. ಯುಡಿಪಿ ಮೇಲೆ ನಡೆಯುವ ಯಾವುದಕ್ಕೂ ಅದರಿಂದ ಪ್ರಯೋಜನವಿಲ್ಲ. ನೀವು ಹೇಳಿದ ಅಪಾಯಗಳು ನಿಜವಾಗಿಯೂ ಇದ್ದವು, 2010ರ ಆರ್‌ಎಫ್‌ಸಿ 5927 ಪೂರ್ತಿ ಅವುಗಳ ಬಗ್ಗೆಯೇ ಇದೆ. ಆದರೆ ಕರ್ನಲ್‌ಗಳೂ ಅಂದಿನಂತೆ ಉಳಿದಿಲ್ಲ. ಸಂದೇಶದೊಳಗಿನ ಸೀಕ್ವೆನ್ಸ್ ಸಂಖ್ಯೆ, ಕಳುಹಿಸಿ ಇನ್ನೂ ಸ್ವೀಕೃತಿ ಬಾರದ ದತ್ತಾಂಶದ ವ್ಯಾಪ್ತಿಯೊಳಗೆ ಇಲ್ಲದಿದ್ದರೆ ಲಿನಕ್ಸ್ ಅದನ್ನು ಕಡೆಗಣಿಸುತ್ತದೆ. ಸ್ಥಾಪಿತವಾದ ಟಿಸಿಪಿ ಸಂಪರ್ಕವನ್ನು ಪೋರ್ಟ್ ಅನ್‌ರೀಚಬಲ್ ಬಂದ ಮಾತ್ರಕ್ಕೆ ಕಡಿಯುವುದೂ ಇಲ್ಲ, ಸುಳಿವಾಗಿ ಗುರುತಿಟ್ಟುಕೊಂಡು ಮುಂದುವರಿಯುತ್ತದೆ. ಎಂಟಿಯು ಎಷ್ಟೇ ಕಡಿಮೆ ಹೇಳಿದರೂ, ಬದಲಿಸದೆ ಬಿಟ್ಟಿದ್ದರೆ, 552ಕ್ಕಿಂತ ಕೆಳಗೆ ಇಳಿಸಿಕೊಳ್ಳುವುದಿಲ್ಲ. ಯುಡಿಪಿಯಲ್ಲಿ ಸೀಕ್ವೆನ್ಸ್ ಸಂಖ್ಯೆ ಇಲ್ಲದ್ದರಿಂದ ಅಲ್ಲಿ ನಿಮ್ಮ ಆತಂಕಕ್ಕೆ ಹೆಚ್ಚು ಬಲವಿದೆ, ಅದನ್ನು ಅಲ್ಲಗಳೆಯುವುದಿಲ್ಲ.

ಹಾಗೆಂದು ಎಲ್ಲ ಐಸಿಎಂಪಿಗೂ ಬಾಗಿಲು ತೆರೆಯಬೇಕಾಗಿಲ್ಲ. ಫೈರ್‌ವಾಲ್ ಸಂಪರ್ಕಗಳ ಲೆಕ್ಕ ಇಡುವಂಥದ್ದಾದರೆ, ಸಂದೇಶದೊಳಗಿನ ಮೂಲ ಹೆಡರ್ ಅನ್ನು ತಾನೇ ಓದಿ, ತನಗೆ ಗೊತ್ತಿರುವ ಸಂಪರ್ಕಕ್ಕೆ ಸೇರಿದ ದೂರನ್ನು ಮಾತ್ರ ಬಿಡುತ್ತದೆ:

```
iptables -A FORWARD -m conntrack --ctstate ESTABLISHED,RELATED -j ACCEPT
```

ಈ ಸಾಲು ನಿಮ್ಮ ಐಸಿಎಂಪಿ ತಡೆಯುವ ಸಾಲಿಗಿಂತ ಮೇಲಿರಬೇಕು. ಹಲವೆಡೆ ಎರಡೂ ಇರುತ್ತವೆ, ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ.

ಸುಮಾ_ಕೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ರೀಡೈರೆಕ್ಟ್ ಪ್ರಕರಣ. ನಮ್ಮಲ್ಲಿ ಒಂದೇ ಲ್ಯಾನ್‌ನಲ್ಲಿ ಎರಡು ಗೇಟ್‌ವೇಗಳಿವೆ: ಎಲ್ಲ ಯಂತ್ರಗಳ ಡಿಫಾಲ್ಟ್ ಗೇಟ್‌ವೇ ಆಗಿರುವ 192.168.5.1 ಫೈರ್‌ವಾಲ್ ಮತ್ತು 172.16.0.0/16ಕ್ಕೆ ಹೋಗುವ 192.168.5.2 ರೂಟರ್. ಭದ್ರತಾ ಪರಿಶೀಲನೆಯವರು ಹೇಳಿದರೆಂದು ಎಲ್ಲ ಯಂತ್ರಗಳಲ್ಲಿ `accept_redirects` ಅನ್ನು 0 ಮಾಡಿದೆವು. ಅಂದಿನಿಂದ 172.16ರ ಕಡೆಗಿನ ಕೆಲವು ಟಿಸಿಪಿ ಸಂಪರ್ಕಗಳು ಆರಂಭವಾಗಿ ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತಿವೆ. ರೀಡೈರೆಕ್ಟ್ ಎಂದರೆ ಪ್ಯಾಕೆಟ್ ತಿರಸ್ಕೃತವಾಯಿತು ಎಂದು ತಾನೇ? ಅದನ್ನು ಸ್ವೀಕರಿಸದಿದ್ದರೆ ಯಂತ್ರ ಅದೇ ಗೇಟ್‌ವೇಗೆ ಮತ್ತೆ ಕಳುಹಿಸುತ್ತಿದೆ ಎಂದು ನನ್ನ ಊಹೆ.

ಹಳೇ_ರೂಟರ್

ಸುಮಾ ಅವರೇ, ತಿರಸ್ಕಾರ ಅಲ್ಲ. ಅನ್‌ರೀಚಬಲ್‌ಗೂ ರೀಡೈರೆಕ್ಟ್‌ಗೂ ಇರುವ ದೊಡ್ಡ ವ್ಯತ್ಯಾಸ ಅದೇ. ರೀಡೈರೆಕ್ಟ್ ಕಳುಹಿಸುವ ಗೇಟ್‌ವೇ ನಿಮ್ಮ ಪ್ಯಾಕೆಟ್ ಅನ್ನು ಮುಂದಕ್ಕೆ ಸಾಗಿಸಿಯೇ ಇರುತ್ತದೆ. ಯಾವ ಇಂಟರ್‌ಫೇಸ್‌ನಿಂದ ಬಂತೋ ಅದರಿಂದಲೇ ಹೊರಗೆ ಕಳುಹಿಸಬೇಕಾಗಿ ಬಂದಾಗ, ನೀವೂ ಆ ಮುಂದಿನ ರೂಟರ್ ಕೂಡ ಒಂದೇ ಜಾಲದಲ್ಲಿದ್ದರೆ, ಈ ಗುರಿಗೆ ಇನ್ನು ಮುಂದೆ ನೇರವಾಗಿ 192.168.5.2ಕ್ಕೆ ಕೊಡಿ ಎಂದು ಹೇಳುವ ಸಲಹೆ ಅದು. ಟೈಪ್ 5, ನೀವು ಕಾಣುವುದು ಬಹುತೇಕ ಕೋಡ್ 1, ಅಂದರೆ ಒಂದು ಯಂತ್ರದ ಮಟ್ಟಿನ ಸಲಹೆ.

ನಿಮ್ಮ ಸಂಪರ್ಕ ನಿಲ್ಲಲು ಕಾರಣ ಬೇರೆ ಇರಬೇಕು. ಹೋಗುವ ಪ್ಯಾಕೆಟ್ ಈಗ ಪ್ರತಿ ಸಲವೂ ಫೈರ್‌ವಾಲ್ ಮೂಲಕ ಹೋಗುತ್ತಿದೆ, ಉತ್ತರ ಮಾತ್ರ ರೂಟರ್‌ನಿಂದ ನೇರವಾಗಿ ಯಂತ್ರಕ್ಕೆ ಬರುತ್ತಿದೆ. ಫೈರ್‌ವಾಲ್‌ಗೆ ಸಂಭಾಷಣೆಯ ಒಂದು ಪಕ್ಕ ಮಾತ್ರ ಕಾಣುತ್ತದೆ; ಎದುರಿನವರ ಸ್ವೀಕೃತಿಗಳನ್ನೇ ಕಾಣದೆ ಇದು ಅಸಿಂಧು ಸಂಪರ್ಕ ಎಂದು ತೀರ್ಮಾನಿಸಿ ಅದು ಬಿಸಾಡತೊಡಗುತ್ತದೆ. ಮೊದಲು ರೀಡೈರೆಕ್ಟ್ ಸ್ವೀಕರಿಸುತ್ತಿದ್ದಾಗ ಮೊದಲ ಒಂದೆರಡು ಪ್ಯಾಕೆಟ್ ಬಿಟ್ಟು ಉಳಿದವೆಲ್ಲ ಫೈರ್‌ವಾಲ್ ಅನ್ನು ಮುಟ್ಟದೆ ಹೋಗುತ್ತಿದ್ದುದರಿಂದ ಈ ದೋಷ ಮರೆಯಾಗಿತ್ತು. ಪರಿಶೀಲನೆಯವರು ಹೇಳಿದ್ದು ತಪ್ಪಲ್ಲ. ಅದೇ ಲ್ಯಾನ್‌ನಲ್ಲಿರುವ ಯಾರಾದರೂ ಗೇಟ್‌ವೇ ಹೆಸರಿನಲ್ಲಿ ಸುಳ್ಳು ರೀಡೈರೆಕ್ಟ್ ಕಳುಹಿಸಬಹುದು. ಹಳೆಯ ಗೇಟ್‌ವೇ ವಿಳಾಸದಿಂದ ಬಂದರೆ ಮಾತ್ರ ನಂಬಬೇಕೆಂಬ ನಿಯಮ ಇದ್ದರೂ ಆ ವಿಳಾಸವನ್ನು ನಕಲು ಮಾಡುವುದು ಕಷ್ಟವಲ್ಲ. ಆದ್ದರಿಂದ ರೀಡೈರೆಕ್ಟ್ ಬಂದ್ ಮಾಡಿಯೇ ಇಡಿ, ಅದು ಕೊಡುತ್ತಿದ್ದ ಸಲಹೆಯನ್ನು ನೀವೇ ಸ್ಥಿರ ದಾರಿಯಾಗಿ ಬರೆದುಬಿಡಿ:

```
ip route add 172.16.0.0/16 via 192.168.5.2
```

ಮೊದಲಿನ ಸ್ಥಿತಿಯನ್ನು ಖಚಿತಪಡಿಸಿಕೊಳ್ಳಬೇಕೆಂದರೆ ಒಂದು ಯಂತ್ರದಲ್ಲಿ ತಾತ್ಕಾಲಿಕವಾಗಿ ಸ್ವೀಕಾರವನ್ನು ಚಾಲೂ ಮಾಡಿ, ಒಂದು ಸಂಪರ್ಕ ತೆರೆದು, `ip route get` ಕೊಟ್ಟು ನೋಡಿ. ಉತ್ತರದಲ್ಲಿ `<redirected>` ಎಂಬ ಗುರುತು ಕಾಣಬೇಕು.

ಗಿರೀಶ_ಭದ್ರತೆ

ರೀಡೈರೆಕ್ಟ್ ವಿಷಯದಲ್ಲಾದರೂ ನಾನು ಹೇಳಿದ್ದು ನಿಂತಿತು ಎಂದು ದಾಖಲಿಸಿಕೊಳ್ಳಿ.

ರೇಖಾ_ಎಸ್

ಇಂದು ನಿಯಮ ಬದಲಿಸಿದೆವು. ತಡೆಯುವ ಸಾಲು ನಿಜವಾಗಿಯೂ ಮೇಲೆಯೇ ಇತ್ತು. ಈಗ 1449 ಕೊಟ್ಟರೆ ಮೌನವಿಲ್ಲ. ಮೊದಲ ಸಾಲು ಹೀಗೆ, ನಂತರದ್ದು ಹೀಗೆ:

```
From 10.10.0.1 icmp_seq=1 Frag needed and DF set (mtu = 1476)
ping: local error: message too long, mtu=1476
```

ವರದಿ ತೆರೆಯುತ್ತಿದೆ, `ls -l` ಕೂಡ ಓಡುತ್ತಿದೆ. ಎರಡನೆಯ ಸಾಲು ಸರ್ವರ್ ತಾನೇ ತನಗೆ ಹೇಳಿಕೊಂಡದ್ದು ಎಂದು ಭಾವಿಸಿದ್ದೇನೆ. `ip route get 10.20.1.15` ಕೊಟ್ಟಾಗ `mtu 1476` ಜೊತೆಗೆ `expires` ಎಂದು ಇಳಿಯುತ್ತಾ ಹೋಗುವ ಸೆಕೆಂಡುಗಳ ಎಣಿಕೆಯೂ ಇದೆ. ಅದು ಸೊನ್ನೆಯಾದಾಗ ಮತ್ತೆ ನಿಂತುಹೋಗುತ್ತದೆಯೇ?

ಹಳೇ_ರೂಟರ್

ನೀವು ಭಾವಿಸಿದ್ದು ಸರಿ, ಎರಡನೆಯ ಪ್ಯಾಕೆಟ್ ಸರ್ವರ್‌ನಿಂದ ಹೊರಟೇ ಇಲ್ಲ. ಕಲಿತದ್ದನ್ನು ಲಿನಕ್ಸ್ 600 ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ; ದಾರಿ ಬದಲಾಗಿ ಮಿತಿ ಹೆಚ್ಚಿರಬಹುದೆಂದು ಆಮೇಲೆ ಮತ್ತೆ 1500 ಪ್ರಯತ್ನಿಸುತ್ತದೆ. ಒಂದು ಪ್ಯಾಕೆಟ್ ಬೀಳುತ್ತದೆ, ಸಂದೇಶ ಬರುತ್ತದೆ, ಟಿಸಿಪಿ ಟೈಮರ್‌ಗೆ ಕಾಯದೆ ಚಿಕ್ಕ ಗಾತ್ರದಲ್ಲಿ ಮರುಕಳುಹಿಸುತ್ತದೆ. ಬಳಸುವವರಿಗೆ ಗೊತ್ತೇ ಆಗುವುದಿಲ್ಲ.

ಅನಂತ_ಪಿ

ಡಿಸ್ಕ್ ಅಲ್ಲ ಎಂದು ಒಪ್ಪಿದೆ. ನನ್ನದೊಂದು ಪ್ರಶ್ನೆ ಇದೆ, ವಿಷಯ ಇದೇ ಎಂದುಕೊಂಡಿದ್ದೇನೆ. ಒಂದು ಯಂತ್ರಕ್ಕೆ ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಆಗುತ್ತದೆ, 8080 ಪೋರ್ಟ್‌ಗೆ ಮಾತ್ರ `No route to host` ಎನ್ನುತ್ತದೆ. ದಾರಿ ಇಲ್ಲದೆ ಎಸ್‌ಎಸ್‌ಎಚ್ ಹೇಗೆ ಆಗುತ್ತದೆ?

ಹಳೇ_ರೂಟರ್

ದಾರಿ ಇದೆ, ಆ ವಾಕ್ಯವೇ ದಾರಿ ತಪ್ಪಿಸುತ್ತಿದೆ. ಆ ಯಂತ್ರದ ಫೈರ್‌ವಾಲ್‌ನಲ್ಲಿ ಕೊನೆಯ ನಿಯಮ ಬಹುಶಃ `icmp-host-prohibited` ಎಂದು ನಿರಾಕರಿಸುತ್ತಿದೆ. ಅದು ಟೈಪ್ 3, ಕೋಡ್ 10. ಲಿನಕ್ಸ್ ಕೋಡ್ 1, 10, 13 ಮೂರನ್ನೂ ಒಂದೇ ದೋಷವಾಗಿ ಅಪ್ಲಿಕೇಶನ್‌ಗೆ ದಾಟಿಸುವುದರಿಂದ, ಯಂತ್ರ ಸಿಗಲಿಲ್ಲ ಎನ್ನುವುದೂ ಆಡಳಿತಗಾರರು ಬಿಡಲಿಲ್ಲ ಎನ್ನುವುದೂ ಪರದೆಯ ಮೇಲೆ ಒಂದೇ ವಾಕ್ಯವಾಗಿ ಕಾಣುತ್ತವೆ. ಯಾವುದೆಂದು ತಿಳಿಯಲು `tcpdump`ನಲ್ಲಿ ಕೋಡ್ ಮತ್ತು ಕಳುಹಿಸಿದವರ ವಿಳಾಸ ನೋಡಿ. ಗುರಿಯ ವಿಳಾಸದಿಂದಲೇ ಬಂದಿದ್ದರೆ ಆ ಯಂತ್ರ ಜೀವಂತವಾಗಿದೆ, ಅದೇ ನಿಮ್ಮನ್ನು ತಡೆಯುತ್ತಿದೆ. ಪಿಂಗ್ ಮಾಡಿದಾಗ ನಿಮ್ಮದೇ ಯಂತ್ರದ ವಿಳಾಸದಿಂದ `Destination Host Unreachable` ಕಂಡರೆ, ಎಆರ್‌ಪಿಗೆ ಯಾರೂ ಉತ್ತರಿಸಲಿಲ್ಲ ಎಂದು ನಿಮ್ಮ ಕರ್ನಲ್ಲೇ ಹೇಳುತ್ತಿದೆ, ಹೊರಗಿನ ಯಾವ ರೂಟರ್ ಕೂಡ ಮಾತಾಡಿಲ್ಲ.

ಸುಮಾ_ಕೆ

ಸ್ಥಿರ ದಾರಿ ಬರೆದ ಮೇಲೆ ಸಂಪರ್ಕಗಳು ನಿಲ್ಲುತ್ತಿಲ್ಲ, ವಂದನೆಗಳು. ಆದರೆ ಬದಲಿಸಲಾಗದ ಮೂರು ಹಳೆಯ ಪ್ರಿಂಟರ್‌ಗಳಿವೆ, ಅವಕ್ಕೆ ಡಿಫಾಲ್ಟ್ ಗೇಟ್‌ವೇ ಬಿಟ್ಟು ಬೇರೇನನ್ನೂ ಬರೆಯಲಾಗದು. ಅವಕ್ಕಾಗಿ ಫೈರ್‌ವಾಲ್‌ನಲ್ಲಿ ರೀಡೈರೆಕ್ಟ್ ಕಳುಹಿಸುವುದನ್ನು ಉಳಿಸಿಕೊಳ್ಳಬೇಕೇ?

ಗಿರೀಶ_ಭದ್ರತೆ

ಬೇಡ. 192.168.5.2 ರೂಟರ್ ಅನ್ನು ಪ್ರತ್ಯೇಕ ಜಾಲಕ್ಕೆ ಸರಿಸಿ, ಎಲ್ಲವೂ ಫೈರ್‌ವಾಲ್ ಮೂಲಕವೇ ಹೋಗಿ ಅದರ ಮೂಲಕವೇ ಬರಲಿ.

ಹಳೇ_ರೂಟರ್

ಸಾಧ್ಯವಿದ್ದರೆ ಗಿರೀಶ ಅವರು ಹೇಳಿದ್ದೇ ಒಳ್ಳೆಯದು. ಪ್ರಿಂಟರ್ ರೀಡೈರೆಕ್ಟ್ ಪಾಲಿಸುತ್ತದೆಯೋ ಇಲ್ಲವೋ ಎಂಬುದು ಅದರ ಫರ್ಮ್‌ವೇರ್‌ಗೆ ಬಿಟ್ಟದ್ದು. ಕಳುಹಿಸುವವರು ಲಿನಕ್ಸ್ ಆಗಿದ್ದರೆ, ಪಾಲಿಸದ ಯಂತ್ರಕ್ಕೆ ಒಂಬತ್ತು ಸಲ ಹೇಳಿ ಸುಮ್ಮನಾಗುತ್ತದೆ, ಆ ಯಂತ್ರ ಸ್ವಲ್ಪ ಹೊತ್ತು ಮೌನವಾಗಿದ್ದ ಮೇಲಷ್ಟೇ ಮತ್ತೆ ಆರಂಭಿಸುತ್ತದೆ.

ರೇಖಾ_ಎಸ್

ಕೊನೆಯದಾಗಿ ಒಂದು. ಮುಂದೆ ಈ ಸರ್ವರ್ ಜಾಗದಲ್ಲಿ ಒಂದೇ ವಿಳಾಸದ ಹಿಂದೆ ನಾಲ್ಕು ಸರ್ವರ್‌ಗಳನ್ನು ಇಟ್ಟು, ವಿಳಾಸ ಮತ್ತು ಪೋರ್ಟ್‌ಗಳ ಆಧಾರದ ಮೇಲೆ ಸಂಪರ್ಕಗಳನ್ನು ಹಂಚುವ ಯೋಜನೆ ಇದೆ. ದೂರು ಬರುವುದು 10.10.0.1ರಿಂದ, ಸಂಪರ್ಕ ಇರುವುದು 10.20.1.15ರೊಂದಿಗೆ. ಹೊರಗಿನ ಹೆಡರ್ ನೋಡಿ ಹಂಚುವ ಸಾಧನ ಆ ದೂರನ್ನು ಸರಿಯಾದ ಸರ್ವರ್‌ಗೆ ಹೇಗೆ ಕೊಡುತ್ತದೆ?

ಹಳೇ_ರೂಟರ್

ಒಳಗಿನ ಹೆಡರ್ ಅನ್ನು ಓದದ ಸಾಧನವಾದರೆ ಸರಿಯಾಗಿ ಕೊಡುವುದಿಲ್ಲ. ಸಂಬಂಧವಿಲ್ಲದ ಸರ್ವರ್‌ಗೆ ಹೋಗಿ ಬೀಳುತ್ತದೆ, ಅಲ್ಲಿ ಆ ಸಂಪರ್ಕ ಇಲ್ಲದ್ದರಿಂದ ಕಡೆಗಣಿಸಲ್ಪಡುತ್ತದೆ, ನೀವು ಮತ್ತೆ ಮೊದಲಿನ ಮೌನಕ್ಕೆ ಬರುತ್ತೀರಿ. ಬಂದ ಕೋಡ್ 4 ಅನ್ನು ನಾಲ್ಕೂ ಸರ್ವರ್‌ಗಳಿಗೆ ನಕಲು ಮಾಡಿ ಹಂಚುವವರಿದ್ದಾರೆ. ಸರ್ವರ್‌ಗಳಲ್ಲಿ `net.ipv4.tcp_mtu_probing` ಅನ್ನು 1 ಮಾಡಿ, ಸಂದೇಶವನ್ನೇ ನೆಚ್ಚದೆ, ಸಂಪರ್ಕ ಸ್ಥಗಿತವಾದಾಗ ಟಿಸಿಪಿ ತಾನೇ ಚಿಕ್ಕ ಗಾತ್ರಕ್ಕೆ ಇಳಿಯುವಂತೆ ಬಿಡುವವರೂ ಇದ್ದಾರೆ. ಆದರೆ ಹಲವು ಸಲ ಮರುಕಳುಹಿಸಿ ಸೋತ ಮೇಲೆಯೇ ಅದು ಎಚ್ಚರವಾಗುವುದರಿಂದ ಪ್ರತಿ ಹೊಸ ಸಂಪರ್ಕದಲ್ಲೂ ಕೆಲವು ಸೆಕೆಂಡು ಹೋಗುತ್ತವೆ. ನೀವು ಯಾವ ಸಾಧನ ಆರಿಸುತ್ತಿದ್ದೀರಿ ಎಂದು ಗೊತ್ತಾದರೆ ಮುಂದಿನದನ್ನು ನೋಡಬಹುದು. ಅಲ್ಲಿಯವರೆಗೆ ಗಿರೀಶ ಅವರ ಎಂಎಸ್‌ಎಸ್ ಸಾಲನ್ನೂ ರೂಟರ್‌ನಲ್ಲಿ ಸೇರಿಸಿಡಿ, ಎರಡೂ ಜೊತೆಗಿದ್ದರೆ ತೊಂದರೆಯಿಲ್ಲ.